ಒಂದೇ ಸೇವೆ, ಎರಡು ಪಿಂಚಣಿ

ಸದಸ್ಯರಿಗೆ ನಮಸ್ಕಾರ. ನಮ್ಮ ಬಳಗದ ಇಬ್ಬರು ಗೆಳೆಯರು 1998ರ ಸೆಪ್ಟೆಂಬರಿನಲ್ಲಿ ಒಂದೇ ದಿನ ಕೆಲಸಕ್ಕೆ ಸೇರಿದವರು. ಮೊನ್ನೆ ಬ್ಯಾಂಕ್ ಪಾಸ್‌ಬುಕ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಒಬ್ಬರ ಭವಿಷ್ಯನಿಧಿ ಪಿಂಚಣಿ 3,400 ರೂಪಾಯಿಗೂ ಹೆಚ್ಚಿತ್ತು, ಇನ್ನೊಬ್ಬರದು 2,270 ಮಾತ್ರ.

ಲೆಕ್ಕ ಹೀಗಿದೆ: ಸಂಬಳವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ನಿಜವಾದ ಸಂಬಳ ಎಷ್ಟೇ ಇದ್ದರೂ, ಸಾಮಾನ್ಯವಾಗಿ 2014ರ ಆಗಸ್ಟ್‌ವರೆಗಿನ ಸೇವೆಗೆ 6,500, ಅನಂತರದ್ದಕ್ಕೆ 15,000 ರೂಪಾಯಿಯೇ ಮಿತಿ. ಮೊದಲನೆಯವರು 58ರವರೆಗೆ ದುಡಿದು 16 ಮತ್ತು 9 ವರ್ಷ ಪೂರೈಸಿದ್ದರಿಂದ 1,486 ಮತ್ತು 1,929 ಸೇರಿ ಸುಮಾರು 3,415 ಆಗುತ್ತದೆ. 20 ವರ್ಷ ದಾಟಿದವರಿಗೆ ಸಿಗುವ 2 ವರ್ಷಗಳ ಹೆಚ್ಚುವರಿ ಸೇವೆ ಇದರ ಮೇಲೆ.

ಎರಡನೆಯವರು 2007ರಲ್ಲಿ ಕಂಪನಿ ಬದಲಿಸುವಾಗ, ಮಗಳ ಮದುವೆಯ ಖರ್ಚಿಗೆಂದು 10ಸಿ ಅರ್ಜಿಯಲ್ಲಿ ಪಿಂಚಣಿ ಹಣವನ್ನೂ ಹಿಂಪಡೆದಿದ್ದರು. ಆ 9 ವರ್ಷಗಳು ಅಳಿಸಿಹೋಗಿ, 7 ಮತ್ತು 8 ವರ್ಷ ಮಾತ್ರ ಉಳಿದವು. ಹೆಚ್ಚುವರಿ ಸೇವೆಯೂ ತಪ್ಪಿತು. 57ಕ್ಕೇ ಪಿಂಚಣಿ ಕೇಳಿದ್ದರಿಂದ, ಬರಬೇಕಾದ 2,364ರಲ್ಲಿ ಶೇಕಡಾ 4 ಶಾಶ್ವತವಾಗಿ ಕಡಿತವಾಯಿತು.

ನನಗೆ ನೋವಾದದ್ದು ಇಲ್ಲಿ: ಅದೇ 10ಸಿ ಅರ್ಜಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದ್ದರೆ ಆ ಸೇವೆ ಉಳಿಯುತ್ತಿತ್ತು. ಇದನ್ನು ಅವರಿಗೆ ಅಂದು ಯಾರೂ ತಿಳಿಸಲಿಲ್ಲ. ಕೆಲಸ ಬದಲಿಸುತ್ತಿರುವ ಮಕ್ಕಳಿದ್ದರೆ, ಅರ್ಜಿ ಹಾಕುವ ಮೊದಲೇ ದಯವಿಟ್ಟು ಅವರಿಗೆ ಇದನ್ನು ತಿಳಿಸಿ.