ಠೇವಣಿ ಬಡ್ಡಿಯ ಲೆಕ್ಕದಲ್ಲಿ ಬದಲಾವಣೆ: ಅವಧಿಗೆ ಮೊದಲೇ ಎಫ್‌ಡಿ ಮುರಿಸುವವರು ದಯವಿಟ್ಟು ಓದಿ

ಕೋಲಾರ

ಮಾನ್ಯ ಸದಸ್ಯರಿಗೆ ನಮಸ್ಕಾರಗಳು.

ಬರುವ ಏಪ್ರಿಲ್ 1ರಿಂದ ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ಇಡುವ ಹೊಸ ಮುದ್ದತ್ತು ಠೇವಣಿಗಳಿಗೆ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತೇವೆ. ಇದುವರೆಗೆ ವರ್ಷಕ್ಕೊಮ್ಮೆ ಸೇರಿಸುತ್ತಿದ್ದೆವು. ಈಗಾಗಲೇ ಇರುವ ಠೇವಣಿಗಳು ಅವಧಿ ಮುಗಿಯುವವರೆಗೆ ಹಳೆಯ ಲೆಕ್ಕದಲ್ಲೇ ನಡೆಯುತ್ತವೆ, ನವೀಕರಿಸಿದಾಗ ಹೊಸದಕ್ಕೆ ಬರುತ್ತವೆ.

1,00,000 ರೂಪಾಯಿಯನ್ನು 2 ವರ್ಷಕ್ಕೆ, ಶೇ. 8ರ ದರದಲ್ಲಿ ಇಟ್ಟಿದ್ದೀರಿ ಎಂದುಕೊಳ್ಳಿ. ಮೂರು ತಿಂಗಳಿಗೆ ಶೇ. 2 ಆಯಿತು. ಮೊದಲ ಮೂರು ತಿಂಗಳಿಗೆ 2,000 ರೂ. ಬಡ್ಡಿ ಸೇರಿ ಅಸಲು 1,02,000 ಆಗುತ್ತದೆ. ಮುಂದಿನ ಶೇ. 2 ಈ ಮೊತ್ತದ ಮೇಲೆ, ಅಂದರೆ 2,040 ರೂ. ಹೀಗೆ ವರ್ಷದ ಕೊನೆಗೆ 1,08,243, ಎರಡು ವರ್ಷಕ್ಕೆ 1,17,166 ರೂ. ಹಳೆಯ ಲೆಕ್ಕದಲ್ಲಿ ಇದೇ ಠೇವಣಿಗೆ 1,16,640 ಬರುತ್ತಿತ್ತು. ಹೆಚ್ಚುವರಿ 526 ರೂಪಾಯಿ ದೊಡ್ಡ ಮೊತ್ತವೇನಲ್ಲ, ಅದನ್ನು ದೊಡ್ಡದು ಮಾಡಿ ಹೇಳುವುದೂ ಇಲ್ಲ.

ಕೌಂಟರ್‌ನಲ್ಲಿ ಜಗಳವಾಗುವುದು ಬೇರೆ ಕಡೆ. ಬೋರ್‌ವೆಲ್ ಕೊರೆಸಬೇಕು, ಮಗಳ ಮದುವೆ ಗೊತ್ತಾಯಿತು ಎಂದು ಒಂದು ವರ್ಷಕ್ಕೇ ಬಾಂಡ್ ತಂದು ಮುರಿಸುತ್ತಾರೆ. ಬಾಂಡಿನಲ್ಲಿ ಶೇ. 8 ಅಚ್ಚಾಗಿದೆ, ದಂಡ ಶೇ. 1 ಎಂದಿದೆ. ಹಾಗಾದರೆ ಶೇ. 7ರಂತೆ 1,07,186 ಕೊಡಬೇಕಲ್ಲ ಎಂಬುದು ಅವರ ಲೆಕ್ಕ. ಆದರೆ ಕೈಗೆ ಬರುವುದು 1,06,136.

ಕಾರಣ ಇಷ್ಟೇ. ಶೇ. 8 ಎಂಬುದು ಎರಡು ವರ್ಷ ಹಣ ಬಿಟ್ಟವರಿಗೆ ಇರುವ ದರ. ಒಂದೇ ವರ್ಷಕ್ಕೆ ತೆಗೆದರೆ, ಠೇವಣಿ ಇಟ್ಟ ದಿನ ಒಂದು ವರ್ಷದ ಠೇವಣಿಗೆ ಎಷ್ಟು ದರವಿತ್ತೋ ಅದನ್ನು ಹಿಡಿಯುತ್ತೇವೆ. ನಮ್ಮ ಉದಾಹರಣೆಯಲ್ಲಿ ಅದು ಶೇ. 7 ಎಂದಿರಲಿ. ದಂಡದ ಶೇ. 1 ಕಳೆಯುವುದು ಇದರಿಂದ. ಉಳಿದ ಶೇ. 6ರಂತೆ, ಅಂದರೆ ಮೂರು ತಿಂಗಳಿಗೆ ಶೇ. 1.5ರಂತೆ, ಮೊದಲ ದಿನದಿಂದ ಹೊಸದಾಗಿ ಲೆಕ್ಕ ಹಾಕಿದರೆ ಬರುವುದು 1,06,136. ದಂಡ ಎಂದರೆ ಅಸಲಿನಲ್ಲಿ ಸಾವಿರ ರೂಪಾಯಿ ಮುರಿದುಕೊಳ್ಳುವುದಲ್ಲ, ದರವನ್ನು ಇಳಿಸುವುದು. ನೀವು ಮುರಿಸುವ ದಿನ ಬೋರ್ಡಿನಲ್ಲಿ ಯಾವ ದರವಿದೆ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಬಡ್ಡಿಯನ್ನು ಸೇರಿಸಲು ಬಿಡದೆ ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಹಾಕಿಸಿಕೊಳ್ಳುವವರು ಇನ್ನೂ ಸ್ವಲ್ಪ ಗಮನ ಕೊಡಬೇಕು. ಅವರಿಗೆ ವರ್ಷದಲ್ಲಿ ನಾಲ್ಕು ಸಲ 2,000 ರೂ.ನಂತೆ 8,000 ರೂ. ಹೋಗಿರುತ್ತದೆ. ಮುರಿಸಿದ ದಿನ ಶೇ. 6ರಂತೆ ಲೆಕ್ಕ ಹಾಕಿದರೆ ಸಲ್ಲಬೇಕಾದ್ದು 6,000 ಮಾತ್ರ. ಹೆಚ್ಚಾಗಿ ಹೋದ 2,000 ರೂಪಾಯಿಯನ್ನು ಅಸಲಿನಿಂದ ಹಿಡಿದುಕೊಂಡು 98,000 ಕೊಡುತ್ತೇವೆ. ‘ಇಟ್ಟಿದ್ದು ಲಕ್ಷ, ಕೊಡ್ತಿರೋದು ತೊಂಬತ್ತೆಂಟು’ ಎಂದು ಕೋಪ ಬರುವುದು ಸಹಜ. ಪಾಸ್‌ಬುಕ್ ತೆಗೆದು ನಾಲ್ಕೂ ಜಮೆಗಳನ್ನು ಕೂಡಿ ನೋಡಿದರೆ ಒಟ್ಟು 1,06,000 ಸರಿಯಾಗಿ ಸಿಗುತ್ತದೆ.

ಅವಧಿ ಮುಗಿಯಲು ಸ್ವಲ್ಪವೇ ದಿನ ಉಳಿದಿದ್ದರೆ ಮುರಿಸಬೇಡಿ ಎಂದೇ ನಮ್ಮ ಸಲಹೆ. ಚಕ್ರಬಡ್ಡಿಯ ಠೇವಣಿಯನ್ನೇ 22 ತಿಂಗಳಿಗೆ ಮುರಿಸಿದರೂ ಪೂರ್ತಿ ಎರಡು ವರ್ಷ ಆಗದ ಕಾರಣ ಒಂದು ವರ್ಷದ ದರವೇ ಅನ್ವಯಿಸಿ, ದಂಡ ಕಳೆದು 1,11,539 ಬರುತ್ತದೆ. ಇನ್ನೆರಡು ತಿಂಗಳು ಬಿಟ್ಟರೆ 1,17,166. ನಿಮಗೆ ಬೇಕಿರುವುದು 50,000 ಆದರೆ ಅದೇ ಬಾಂಡಿನ ಮೇಲೆ ಸಾಲ ಪಡೆಯಿರಿ. ಠೇವಣಿ ದರಕ್ಕಿಂತ ಶೇ. 2 ಹೆಚ್ಚು, ಅಂದರೆ ಶೇ. 10 ಹಿಡಿದರೂ ಎರಡು ತಿಂಗಳಿಗೆ ಬಡ್ಡಿ ಸುಮಾರು 833 ರೂ. 5,627 ರೂಪಾಯಿ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಠೇವಣಿ ಇಟ್ಟು ನಾಲ್ಕೈದು ತಿಂಗಳಷ್ಟೇ ಆಗಿದ್ದು, ಹಣ ಬೇಗ ವಾಪಸ್ ಕಟ್ಟುವ ದಾರಿ ಇಲ್ಲದಿದ್ದರೆ ಸಾಲದ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಆಗ ಮುರಿಸುವುದೇ ಸರಿ.

ಒಟ್ಟು ಹಣದಲ್ಲಿ ಒಂದಿಷ್ಟು ನಡುವೆ ಬೇಕಾಗಬಹುದು ಎಂಬ ಅನುಮಾನವಿದ್ದರೆ, ಲಕ್ಷಕ್ಕೆ ಒಂದೇ ಬಾಂಡ್ ಮಾಡಿಸದೆ 25,000ದ ನಾಲ್ಕು ಮಾಡಿಸಿ. ಬೇಕಾದಾಗ ಒಂದನ್ನು ಮುರಿಸಿದರೆ ಉಳಿದ ಮೂರಕ್ಕೆ ಶೇ. 8 ಹಾಗೇ ನಡೆಯುತ್ತದೆ. ಬರೆಯುವ ಕೆಲಸ ನಮಗೆ ನಾಲ್ಕು ಪಟ್ಟು, ಆದರೂ ಬೇಸರವಿಲ್ಲ.

ಮೇಲಿನ ದರಗಳು ಲೆಕ್ಕ ತಿಳಿಸಲು ಹಿಡಿದವು. ಚಾಲ್ತಿ ದರಗಳ ಪಟ್ಟಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿದೆ. ಮುರಿಸಲು ಬರುವಾಗ ಮೂಲ ಬಾಂಡ್ ತನ್ನಿ, ಜೆರಾಕ್ಸ್ ನಡೆಯುವುದಿಲ್ಲ. ಜಂಟಿ ಠೇವಣಿಯಾದರೆ ಇಬ್ಬರ ಸಹಿಯೂ ಬೇಕು. ಸಹಿ ಹಾಕುವ ಮೊದಲು ‘ಇವತ್ತು ಮುರಿಸಿದರೆ ಎಷ್ಟು, ಬಿಟ್ಟರೆ ಎಷ್ಟು’ ಎಂದು ಕೇಳಿ. ಎರಡೂ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಡಲು ಸಿಬ್ಬಂದಿಗೆ ಹೇಳಿದ್ದೇವೆ.

ಇಂತಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ