ಬಾವಿಕಟ್ಟೆಯ ಮೇಲಿನ ಹೊಸ ಚಪ್ಪಲಿ

ಪ್ರೀತಿಯ ತಂಗಿ,

ನಿನ್ನ ಕಥೆ ತಲುಪಿತು. ಸ್ಪರ್ಧೆಯವರು ಕೊಟ್ಟದ್ದು ಒಂದೇ ಸಾಲು, ‘ಬಾವಿಕಟ್ಟೆಯ ಮೇಲೆ ಒಂದು ಜೊತೆ ಹೊಸ ಚಪ್ಪಲಿ’. ಇಷ್ಟರಿಂದ ಕಥೆ ಎಲ್ಲಿಂದ ತರಲಿ ಎಂದು ಕೇಳಿದ್ದೀಯ. ಭಾಷೆ, ಕಾಗುಣಿತ ಹಾಗಿರಲಿ, ಅವನ್ನು ತಿದ್ದಿಕೊಳ್ಳಬಹುದು. ನೀನು ಕಥೆಯನ್ನು ಆರಿಸಿಕೊಂಡ ಬಗೆಯೇ ನನ್ನನ್ನು ಕಾಡಿದ್ದು.

ಹೊಸ ಮದುವಣಗಿತ್ತಿ, ಅತ್ತೆಮನೆಯ ಕಿರುಕುಳ, ಕೊನೆಯ ಸಾಲಿಗೆ ಬಾವಿ. ಆ ಸಾಲು ಕಟ್ಟಿಕೊಡುವ ಚಿತ್ರ ನೋಡಿದ ಬಹುಪಾಲು ಜನರಿಗೆ ಮೊದಲು ಹೊಳೆಯುವುದೂ ಅದೇ. ಯಾಕೆಂದರೆ ಎಲ್ಲರೂ ಕೇಳಿಕೊಳ್ಳುವುದು ‘ಇಲ್ಲಿ ಏನಾಗಿಹೋಯಿತು?’ ಎಂದು. ಆ ಪ್ರಶ್ನೆ ಹಿಂದಕ್ಕೇ ಎಳೆಯುತ್ತದೆ. ನಿನ್ನ 1500 ಪದಗಳಲ್ಲಿ ಸಾವಿರಕ್ಕೂ ಹೆಚ್ಚು ನೆನಪಿಗೇ ಹೋಗಿವೆ. ಬಾವಿಯ ಹತ್ತಿರ ಈಗ ನಿಂತವರು ಯಾರೂ ಇಲ್ಲ, ಏನೂ ಮಾಡುತ್ತಿಲ್ಲ. ಬದಲಿಗೆ ‘ಈ ಚಪ್ಪಲಿ ಕಂಡರೆ ಯಾರಿಗೆ ಕಷ್ಟ?’ ಎಂದು ಕೇಳಿಕೋ. ನಾನು ಹೇಳುವುದು ಇದೊಂದನ್ನೇ, ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಅದಕ್ಕೂ ಮೊದಲು ಆ ಸಾಲನ್ನು ಸರಿಯಾಗಿ ನೋಡು. ನೀನು ನೋಡಲೇ ಇಲ್ಲ, ನನಗೆ ಬೇಸರವಾದದ್ದು ಅದಕ್ಕೆ. ಚಪ್ಪಲಿ ಹೊಸದು, ಅಂದರೆ ಮೊನ್ನೆಮೊನ್ನೆ ಯಾರದೋ ಕೈಯಿಂದ ದುಡ್ಡು ಹೋಗಿದೆ. ಬಿಟ್ಟಿರುವುದು ನೆಲದ ಮೇಲಲ್ಲ, ಕಟ್ಟೆಯ ಮೇಲೆ. ಕೆಸರಾಗಬಾರದು, ನಾಯಿ ಕಚ್ಚಿಕೊಂಡು ಹೋಗಬಾರದು ಎಂದು ಎತ್ತಿಟ್ಟದ್ದು. ಹೀಗೆ ಎತ್ತಿಟ್ಟವನು ಮತ್ತೆ ಬಂದು ಮೆಟ್ಟಿಕೊಳ್ಳುವವನು. ನಿನ್ನ ಕಥೆಯ ಸಾವು ಆ ಚಿತ್ರಕ್ಕೇ ಹೊಂದುವುದಿಲ್ಲ.

ಮರಳಿ ಬರುವವನು ಈಗ ಎಲ್ಲಿ? ಬಾವಿಯೊಳಗೆ, ಹೂಳು ಎತ್ತುತ್ತಿದ್ದಾನೆ. ಹಾಗಾದರೆ ಅಲ್ಲಿ ಮೂವರಿದ್ದಾರೆ: ಇಳಿದವನು, ಮೇಲೆ ಹಗ್ಗ ಹಿಡಿದವನು, ಕೂಲಿ ಕೊಡುವ ಮನೆಯೊಡತಿ. ಒಬ್ಬೊಬ್ಬರ ಹೆಸರಿನ ಮುಂದೆ, ಇವತ್ತು ಸಂಜೆಯೊಳಗೆ ಅವರಿಗೆ ಏನು ಬೇಕು, ಸಿಗದಿದ್ದರೆ ಏನು ಕಳೆದುಕೊಳ್ಳುತ್ತಾರೆ ಎಂದು ಒಂದೊಂದು ಸಾಲು ಬರೆ. ಇಳಿದವನಿಗೆ ಕೂಲಿ ಬೇಕು. ಒಡತಿಗೆ ನಾಳೆಗೆ ತಿಳಿನೀರು ಬೇಕು. ಇಬ್ಬರಿಗೂ ಚಪ್ಪಲಿಯ ಗೊಡವೆಯಿಲ್ಲ. ಹಗ್ಗ ಹಿಡಿದವನು ಇಳಿದವನ ತಮ್ಮ ಎಂದುಕೋ. ಮಗಳ ಶಾಲೆಯ ಫೀಸು ಕಟ್ಟಲು ಇವತ್ತೇ ಕಡೆಯ ದಿನ. ಕೊಟ್ಟ ಸಾಲ 400 ರೂಪಾಯಿ ಕೇಳಿದ್ದಕ್ಕೆ ಅಣ್ಣ ‘ಕೈಯಲ್ಲಿ ಬಿಡಿಗಾಸಿಲ್ಲ’ ಎಂದಿದ್ದಾನೆ. ಈಗ ಕಣ್ಣೆದುರಿಗೆ ಹೊಸ ಚಪ್ಪಲಿ, ಕೈಯಲ್ಲಿ ಅಣ್ಣನ ಹಗ್ಗ. ಕಥೆ ಇವನದು.

ಮುಂದಿನದನ್ನು ಹುಡುಕಬೇಕಾಗಿಲ್ಲ. ಕೆಳಗಿನಿಂದ ‘ಎಳಿಯೋ’ ಎಂಬ ಕೂಗು ಬರುತ್ತದೆ. ತಮ್ಮ ಏನು ಮಾಡುತ್ತಾನೆ? ಹಗ್ಗ ಬಿಟ್ಟರೆ ನಾಟಕವಾಯಿತು. ಸುಮ್ಮನೆ ಎಳೆದರೆ ಕಥೆಯಿಲ್ಲ. ಅರ್ಧ ಎಳೆದು ನಿಲ್ಲಿಸಿ, ‘ಅಣ್ಣ, ನನ್ನ ದುಡ್ಡು?’ ಎಂದು ಕೇಳಲಿ. ತೂಗಾಡುತ್ತಿರುವ ಮನುಷ್ಯನನ್ನು ಕೇಳಿದ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಮೇಲೆ ಬಂದ ಮೇಲೆ ಇಬ್ಬರೂ ಒಂದೇ ದಾರಿಯಲ್ಲಿ ಮನೆಗೆ ನಡೆಯಬೇಕು.

ಇಲ್ಲಿ ನಿನ್ನ ಕೈ ಜಾರುವ ಜಾಗವೊಂದಿದೆ. ಚಪ್ಪಲಿಯನ್ನು ಅಣ್ಣ ತಮ್ಮನಿಗೆಂದೇ ತಂದಿದ್ದ ಎಂದು ಮುಗಿಸುವ ಆಸೆಯಾಗುತ್ತದೆ. ಬೇಡ. ಹಾಗೆ ಮಾಡಿದರೆ ಚಪ್ಪಲಿ ಒಗಟಿನ ಉತ್ತರವಾಗಿಬಿಡುತ್ತದೆ, ತಮ್ಮ ಕೇಳಿದ ಮಾತಿನ ಭಾರವೆಲ್ಲ ಇಳಿದುಹೋಗುತ್ತದೆ. ಚಿತ್ರವನ್ನು ಮೊದಲ 150 ಪದಗಳೊಳಗೇ ತಂದುಬಿಡು, ಕೊನೆಗೆಂದು ಬಚ್ಚಿಡಬೇಡ. ಸಾಲದ ಹಿಂದಿನ ಕಥೆಗೆ 300 ಪದ ಸಾಕು, ಅದೂ ಹಗ್ಗ ಎಳೆಯುವ ನಡುನಡುವೆ. ಬರೆದಾದ ಮೇಲೆ ಚಪ್ಪಲಿಯ ಜಾಗದಲ್ಲಿ ಹಳೆಯ ಕೊಡೆಯೊಂದನ್ನು ಇಟ್ಟು ಓದು. ಕಥೆ ಆಗಲೂ ಹಾಗೇ ನಡೆದರೆ, ನೀನು ಬೇರೆ ಯಾವುದೋ ಕಥೆಗೆ ಆ ಚಿತ್ರವನ್ನು ಅಂಟಿಸಿದ್ದೀಯ ಎಂದರ್ಥ. ನಿನ್ನ ಮದುವಣಗಿತ್ತಿಯ ಕಥೆಗೆ ಕೊಡೆಯೂ ನಡೆಯುತ್ತದೆ. ತಮ್ಮನ ಕಥೆಗೆ ನಡೆಯುವುದಿಲ್ಲ, ಹಳೆಯ ಕೊಡೆ ಅವನನ್ನು ಚುಚ್ಚುವುದಿಲ್ಲ.

ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್ 1929ರ ತನ್ನ ಕಾದಂಬರಿಯೊಂದು ಹುಟ್ಟಿದ್ದು ಒಂದೇ ಚಿತ್ರದಿಂದ ಎಂದು ಹೇಳಿದ್ದಾನೆ: ಕೆಸರಾದ ಒಳಚಡ್ಡಿಯ ಪುಟ್ಟ ಹುಡುಗಿ ಮರವೇರಿ ಕಿಟಕಿಯಲ್ಲಿ ಅಜ್ಜಿಯ ಶವಸಂಸ್ಕಾರ ನೋಡುತ್ತಿದ್ದಾಳೆ, ಕೆಳಗೆ ನಿಂತ ಸಹೋದರರಿಗೆ ಹೇಳುತ್ತಿದ್ದಾಳೆ. ಗಮನಿಸು, ಅಲ್ಲೂ ಕಂಡವಳೊಬ್ಬಳು, ಕಾಣದವರು ಕೆಲವರು. ಕೆಸರೊಂದೇ ಇದ್ದಿದ್ದರೆ ಅದು ಕಥೆಗೆ ಸಾಲುತ್ತಿರಲಿಲ್ಲ.

ಸ್ಪರ್ಧೆಯವರು ಚಿತ್ರದ ಬದಲು ಬರೀ ಭಾವ ಕೊಟ್ಟಾಗ, ‘ಸಂಜೆಯ ಬೇಸರ’ ಎಂಬಂಥದ್ದು ಬಂದಾಗ, ಬೇಸರಪಡುವವರನ್ನು ಹುಡುಕಬೇಡ. ಆ ಭಾವದಲ್ಲಿ ಕೈ ತಡವರಿಸುವ ಕೆಲಸವೊಂದನ್ನು ಹುಡುಕು. ಬರುತ್ತೇನೆಂದ ಮಗ ಇನ್ನೂ ಬಂದಿಲ್ಲ, ಎಲೆ ಎರಡು ಹಾಕಬೇಕೋ ಮೂರೋ? ತಾಯಿ ಮೂರನೆಯ ಎಲೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾಳೆ, ಗಂಡ ನೋಡುತ್ತಿದ್ದಾನೆ. ಬೇಸರ ಎಂಬ ಪದ ಕಥೆಯಲ್ಲಿ ಎಲ್ಲೂ ಬರಕೂಡದು.

ತಮ್ಮನ ಕಥೆ ನೀನೇ ಬರೆಯಬೇಕೆಂದಿಲ್ಲ. ಅದೇ ಬಾವಿಕಟ್ಟೆಗೆ ಚಪ್ಪಲಿ ಕಂಡು ತಡೆಯಲಾರದ ನಿನ್ನದೇ ಮೂವರನ್ನು ತಂದು ನಿಲ್ಲಿಸು. ಒಬ್ಬೊಬ್ಬರಿಗೂ ಆ ಒಂದೊಂದು ಸಾಲು ಬರೆದು ಮೊದಲು ಅಷ್ಟನ್ನೇ ಕಳಿಸು, ಕಥೆ ಆಮೇಲೆ.

ಪ್ರೀತಿಯಿಂದ,
ನಿನ್ನ ಅಕ್ಕ