ಅರ್ಧ ದುಡ್ಡು ಸರ್ಕಾರ ಹಾಕುತ್ತದಾ? ಪವಿತ್ರಾಳಿಗೆ ದೊಡ್ಡಪ್ಪನ ಪತ್ರ

ಮಂಡ್ಯ

ಚಿ. ಸೌ. ಪವಿತ್ರಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಉಳಿದಿದೆ. ಅಟಲ್ ಪೆನ್ಷನ್ ಮಾಡಿಸಿ, ಅರ್ಧ ದುಡ್ಡು ಸರ್ಕಾರವೇ ಹಾಕುತ್ತೆ ಅಂತ ಯಾರೋ ಮನೆಗೆ ಬಂದು ಹೇಳಿದರಂತೆ. ಈಗ ಸೇರುವವರಿಗೆ ಅದು ಸುಳ್ಳು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಇದೇ ಮಾತು ನಂಬಿ ಬಂದವರನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಅಟಲ್ ಪೆನ್ಷನ್ ಶುರುವಾದದ್ದು 2015ರಲ್ಲಿ. 2016ರ ಮಾರ್ಚ್ ಒಳಗೆ ಸೇರಿದ, ಪಿಎಫ್ ಥರದ್ದು ಯಾವುದೂ ಇಲ್ಲದ, ಆದಾಯ ತೆರಿಗೆ ಕಟ್ಟದ ಜನರಿಗೆ ಮಾತ್ರ ಸರ್ಕಾರ ಐದು ವರ್ಷ ಅರ್ಧ ಪಾಲು ಹಾಕಿತು, ಅದೂ ವರ್ಷಕ್ಕೆ ಹೆಚ್ಚೆಂದರೆ 1,000 ರೂಪಾಯಿ. ಈಗ ಸೇರಿದರೆ ಕಂತೆಲ್ಲ ನಿನ್ನದೇ. ಸರ್ಕಾರ ಕೊಡುವುದು ಗ್ಯಾರಂಟಿ ಮಾತ್ರ. ನಿನ್ನ ದುಡ್ಡು ಅವರು ಲೆಕ್ಕ ಹಾಕಿದಷ್ಟು ಬೆಳೆಯದಿದ್ದರೆ ಆ ಕೊರತೆಯನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ಗ್ಯಾರಂಟಿ ಬೇರೆ, ಪಾಲು ಹಾಕುವುದು ಬೇರೆ.

ನಿಜವಾಗಿಯೂ ಅರ್ಧ ಹಾಕುವುದು ಇನ್ನೊಂದು ಯೋಜನೆ. ಹೆಸರು ಪ್ರಧಾನ ಮಂತ್ರಿ ಶ್ರಮ ಯೋಗಿ ಮಾನಧನ್. 2019ರಲ್ಲಿ ಬಂತು. ವಯಸ್ಸು 18ರಿಂದ 40ರ ಒಳಗಿರಬೇಕು, ತಿಂಗಳ ಆದಾಯ 15,000 ದಾಟಬಾರದು, ಪಿಎಫ್, ಇಎಸ್‌ಐ ಇರಬಾರದು, ಆದಾಯ ತೆರಿಗೆ ಕಟ್ಟುತ್ತಿರಬಾರದು. ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವ ನಿನಗೆ ಇದೆಲ್ಲ ಸರಿಹೊಂದುತ್ತದೆ.

ನಿನಗೀಗ 30. 60 ಆದ ಮೇಲೆ ತಿಂಗಳಿಗೆ 3,000 ಬೇಕು ಅಂತಿಟ್ಟುಕೋ. ಅಟಲ್‌ನಲ್ಲಿ ತಿಂಗಳಿಗೆ 347 ಕಟ್ಟಬೇಕು. ಮಾನಧನ್‌ನಲ್ಲಿ 105, ಸರ್ಕಾರದ್ದು ಇನ್ನೊಂದು 105. ಎರಡೂ ಸೇರಿದರೆ 210 ಆಯಿತಲ್ಲ, ಆದರೂ 347ಕ್ಕಿಂತ ಕಡಿಮೆ. ಇಲ್ಲಿ ಸ್ವಲ್ಪ ಗಮನ ಕೊಡು. ಅಟಲ್‌ನಲ್ಲಿ ನಿನ್ನ ಕಾಲಾನಂತರ ನಿನ್ನ ಯಜಮಾನರಿಗೂ ಪೂರ್ತಿ 3,000 ಬರುತ್ತದೆ. ಅವರ ನಂತರ ಮಕ್ಕಳ ಕೈಗೆ 5 ಲಕ್ಷ 10 ಸಾವಿರ ಸೇರುತ್ತದೆ. ಮಾನಧನ್‌ನಲ್ಲಿ ಯಜಮಾನರಿಗೆ ಅರ್ಧ, ಅಂದರೆ 1,500. ಇಬ್ಬರೂ ಹೋದ ಮೇಲೆ ಉಳಿದ ಗಂಟು ಯೋಜನೆಯ ನಿಧಿಗೇ ವಾಪಸ್. ಮಕ್ಕಳಿಗೆ ಏನೂ ಇಲ್ಲ. ಅಂದರೆ ಆ ಕಡಿಮೆ ಕಂತನ್ನು ತುಂಬುವವರಲ್ಲಿ ತೆರಿಗೆ ಕಟ್ಟುವ ಜನರಿದ್ದಾರೆ, ಜೊತೆಗೆ ನಿನ್ನ ಮಕ್ಕಳೂ ಇದ್ದಾರೆ.

ಆದರೂ ನಾನು ನಿನಗೆ ಹೇಳುವುದು ಮಾನಧನ್ನೇ. ಮಳೆಗಾಲದಲ್ಲಿ ಕಡ್ಡಿ ಒಣಗುವುದಿಲ್ಲ, ಕೆಲಸ ಕಮ್ಮಿಯಾಗುತ್ತದೆ, ಕೈಗೆ ಬರುವುದೂ ಅಷ್ಟೇ. ಅಂಥ ತಿಂಗಳಲ್ಲೂ 105 ಹೇಗಾದರೂ ಹೊಂದಿಸಬಹುದು. ಅಟಲ್‌ನ 347ರಲ್ಲಿ ಉಳಿದ 242ರ ಪೈಕಿ 240 ಇದ್ದ ತಿಂಗಳು ಅಂಚೆ ಕಚೇರಿಯ ಆರ್‌ಡಿಗೆ ಹಾಕು. ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ ಅಂತ ಹಿಡಿದು, ತಪ್ಪದೆ 30 ವರ್ಷ ಕಟ್ಟಿದರೆ ಸುಮಾರು 2 ಲಕ್ಷ 41 ಸಾವಿರ ಆಗುತ್ತದೆ. ಅಟಲ್‌ನ 5 ಲಕ್ಷಕ್ಕಿಂತ ಇದು ಕಡಿಮೆ, ನಿಜ. ಆದರೆ ನೀನು ಬದುಕಿರುವಾಗಲೇ ನಿನ್ನ ಕೈಯಲ್ಲಿರುತ್ತದೆ. ಮಗಳ ಓದಿಗೋ ಆಸ್ಪತ್ರೆಗೋ ಬೇಕಾದರೆ ನಡುವೆ ತೆಗೆಯಲೂಬಹುದು.

ಮಾನಧನ್ ದುಡ್ಡನ್ನು ಹಾಗೆ ನಡುವೆ ಮುಟ್ಟುವ ಹಾಗಿಲ್ಲ. ಹತ್ತು ವರ್ಷದೊಳಗೆ ಬಿಟ್ಟರೆ ನೀನು ಕಟ್ಟಿದ್ದು ಮತ್ತು ಉಳಿತಾಯ ಖಾತೆಯ ಬಡ್ಡಿ, ಅಷ್ಟೇ. ಸರ್ಕಾರದ ಪಾಲು ಕೈತಪ್ಪುತ್ತದೆ. ಮುಂದೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಪಿಎಫ್ ಬಂದರೆ ಸರ್ಕಾರದ ಅರ್ಧ ನಿಲ್ಲುತ್ತದೆ ಅನ್ನುವುದೂ ಗೊತ್ತಿರಲಿ.

ಇನ್ನೊಂದು ಮಾತು ನನಗೆ ನಿಜಕ್ಕೂ ಚಿಂತೆ ತರುತ್ತದೆ. ಎರಡರಲ್ಲೂ 3,000 ಅಂದರೆ 3,000ವೇ, ಬೆಲೆ ಏರಿದಂತೆ ಅದು ಏರುವುದಿಲ್ಲ. ವರ್ಷಕ್ಕೆ 6 ಪರ್ಸೆಂಟಿನಂತೆ ಬೆಲೆ ಏರಿದರೆ, 30 ವರ್ಷದ ನಂತರದ 3,000ಕ್ಕೆ ಬರುವ ಸಾಮಾನು ಇವತ್ತಿನ 520 ರೂಪಾಯಿಯಷ್ಟು. ವೃದ್ಧಾಪ್ಯ ವೇತನದಲ್ಲೂ ಇದೇ ಕಥೆ. 80ರ ಒಳಗಿನವರಿಗೆ ಕೇಂದ್ರ ಕೊಡುವ ಪಾಲು ಎಷ್ಟೋ ವರ್ಷದಿಂದ 200 ರೂಪಾಯಿಯಲ್ಲೇ ನಿಂತಿದೆ. ರಾಜ್ಯ ತನ್ನ ಬೊಕ್ಕಸದಿಂದ ಹಾಕದಿದ್ದರೆ ಆ ಮುದುಕರ ಗತಿ ಏನು? ಬಡವರ ಪೆನ್ಷನ್‌ಗೆ ಬೆಲೆ ಏರಿಕೆಯ ಲೆಕ್ಕ ಸೇರಲೇಬೇಕು, ಅದಕ್ಕೆ ತೆರಿಗೆ ದುಡ್ಡೇ ಬೇಕು. ನಿನ್ನ 105ರಿಂದ ಅದು ಆಗುವ ಮಾತಲ್ಲ. ಅದಕ್ಕೇ ಆ ಆರ್‌ಡಿ ಬಿಡಬೇಡ ಅಂತ ಒತ್ತಿ ಹೇಳುತ್ತಿರುವುದು.

ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಹತ್ತಿರದ ಸಿಎಸ್‌ಸಿ ಸೇವಾ ಕೇಂದ್ರಕ್ಕೆ ಹೋಗು. ಮೊದಲ ಕಂತು ಕೈಯಿಂದ, ಆಮೇಲಿನದು ಖಾತೆಯಿಂದ ತಾನಾಗೇ ಕಟ್ ಆಗುತ್ತದೆ. ಯೋಜನೆಯ ಹೆಸರು ಓದಿ ನೋಡಿ ಸಹಿ ಹಾಕು. ಅದಕ್ಕೂ ಮೊದಲು ಪಾಸ್‌ಬುಕ್ ಎಂಟ್ರಿ ಹಾಕಿಸಿ, APY ಅಂತ, ಅಂದರೆ ಅಟಲ್ ಪೆನ್ಷನ್ ಹೆಸರಲ್ಲಿ, ಏನಾದರೂ ಕಟ್ ಆಗಿದೆಯಾ ನೋಡು. ಆ ಮನೆಗೆ ಬಂದವರ ಕೈಗೆ ಸಹಿ ಹಾಕಿದ ಕಾಗದ ಏನಾದರೂ ಕೊಟ್ಟಿದ್ದೀಯಾ? ಕೊಟ್ಟಿದ್ದರೆ ಇವತ್ತೇ ಫೋನ್ ಮಾಡು.

ಇಂತಿ ನಿನ್ನ ದೊಡ್ಡಪ್ಪ